ಇಂಟರ್ಸೆಪ್ಟ್ 15 ಲಕ್ಷ ಬಂದರೆ ಅದು ಸೈಟಿನ ಬೆಲೆಯೇ?

ಓದುಗರ ಪ್ರಶ್ನೆ: ಶಿವಮೊಗ್ಗದ ಗೋಪಾಳದಲ್ಲಿ 30×40 ಸೈಟಿನಲ್ಲಿ ನಮ್ಮದೊಂದು ಎಂಟು ಚದರದ ಮನೆ ಇದೆ. ಮೇಲೆ ಐದು ಚದರ ಕಟ್ಟಿಸುವ ಯೋಚನೆ ಇದೆ. ನಮ್ಮ ಕಡೆ ಮಾರಾಟವಾದ ಆರು ಮನೆಗಳ ಅಳತೆ ಮತ್ತು ಬೆಲೆಯನ್ನು ಎಕ್ಸೆಲ್‌ಗೆ ಹಾಕಿ ರಿಗ್ರೆಶನ್ ಮಾಡಿದೆ. ಸ್ಲೋಪ್ 4, ಇಂಟರ್ಸೆಪ್ಟ್ 15 ಬಂತು. ಹಾಗಾದರೆ ಐದು ಚದರಕ್ಕೆ ಮನೆಯ ಬೆಲೆ 20 ಲಕ್ಷ ಏರುತ್ತದೆಯೇ? ಆ 15 ಲಕ್ಷ ಬರೀ ಸೈಟಿನ ಬೆಲೆಯೇ?

ಉತ್ತರ: ಎರಡಕ್ಕೂ ‘ಅಲ್ಲ’ ಎಂದೇ ಹೇಳಬೇಕಾಗುತ್ತದೆ. ನಿಮ್ಮ ಲೆಕ್ಕದಲ್ಲಿ ತಪ್ಪಿಲ್ಲ. ಬಂದ ಎರಡು ಸಂಖ್ಯೆಗಳು ನೀವು ಕೇಳಿದ್ದಕ್ಕಿಂತ ಬೇರೆಯೇ ಪ್ರಶ್ನೆಗೆ ಉತ್ತರ ಕೊಡುತ್ತಿವೆ.

ರಿಗ್ರೆಶನ್ ಎಂದರೆ ಅಳತೆ ಮತ್ತು ಬೆಲೆಯ ಬಿಂದುಗಳಿಗೆ ಆದಷ್ಟು ಹತ್ತಿರವಾಗಿ ಎಳೆದ ನೇರ ರೇಖೆ. ಸ್ಲೋಪ್ ಎಂದರೆ ಆ ರೇಖೆ ಒಂದು ಚದರಕ್ಕೆ ಎಷ್ಟು ಏರುತ್ತದೆ ಎಂಬುದು, ಇಂಟರ್ಸೆಪ್ಟ್ ಎಂದರೆ ಅಳತೆ ಸೊನ್ನೆಯಾದಾಗ ಅದು ತೋರಿಸುವ ಬೆಲೆ. ಮೊದಲು ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡೋಣ. ಅಂಕಿಗಳನ್ನು ನಾನು ಸುಲಭವಾಗುವಂತೆ ದುಂಡಾಗಿಸಿದ್ದೇನೆ, ಇವನ್ನು ಗೋಪಾಳದ ಇಂದಿನ ದರ ಎಂದು ತಿಳಿಯಬೇಡಿ. ಆರು ಮನೆಗಳು 8, 10, 12, 14, 16 ಮತ್ತು 18 ಚದರದವು. ಒಂದು ಚದರ ಎಂದರೆ ನೂರು ಚದರ ಅಡಿ. ಬೆಲೆ ಕ್ರಮವಾಗಿ 47, 53, 66, 69, 82, 85 ಲಕ್ಷ. ಅಳತೆಯ ಸರಾಸರಿ 13 ಚದರ, ಬೆಲೆಯ ಸರಾಸರಿ 67 ಲಕ್ಷ.

ಪ್ರತಿ ಮನೆಯೂ ಈ ಸರಾಸರಿಗಳಿಂದ ಎಷ್ಟು ದೂರದಲ್ಲಿದೆ ಎಂದು ಬರೆದುಕೊಳ್ಳಿ. ಮೊದಲ ಮನೆ ಅಳತೆಯಲ್ಲಿ 5 ಚದರ ಕಡಿಮೆ, ಬೆಲೆಯಲ್ಲಿ 20 ಲಕ್ಷ ಕಡಿಮೆ. ಎರಡನ್ನೂ ಗುಣಿಸಿದರೆ 100. ಹೀಗೆ ಆರೂ ಮನೆಗಳ ಗುಣಲಬ್ಧಗಳನ್ನು ಕೂಡಿದರೆ 280 ಬರುತ್ತದೆ. ಅಳತೆಯ ದೂರಗಳ ವರ್ಗಗಳನ್ನು ಕೂಡಿದರೆ 70. 280ನ್ನು 70ರಿಂದ ಭಾಗಿಸಿದರೆ ಸ್ಲೋಪ್ 4. ರಿಗ್ರೆಶನ್ ರೇಖೆ ಯಾವಾಗಲೂ ಎರಡು ಸರಾಸರಿಗಳು ಸೇರುವ ಬಿಂದುವಿನ ಮೇಲೆ ಹಾದುಹೋಗುತ್ತದೆ. ಆದ್ದರಿಂದ ಇಂಟರ್ಸೆಪ್ಟ್ ಎಂದರೆ 67 − 4×13, ಅಂದರೆ 15. ಎಕ್ಸೆಲ್‌ನಲ್ಲಿ ಇದೇ ಕೆಲಸ ಹೀಗಾಗುತ್ತದೆ:

```
=SLOPE(B2:B7, A2:A7)
=INTERCEPT(B2:B7, A2:A7)
```

ಇಲ್ಲಿ A ಕಾಲಂನಲ್ಲಿ ಅಳತೆ, B ಕಾಲಂನಲ್ಲಿ ಬೆಲೆ ಇದೆ. ಆವರಣದೊಳಗೆ ಬೆಲೆಯೇ ಮೊದಲು ಬರಬೇಕು. ಅದಲುಬದಲಾದರೆ ಸ್ಲೋಪ್ 0.24ರಷ್ಟು ಬರುತ್ತದೆ. ಅದು ಒಂದು ಲಕ್ಷಕ್ಕೆ ಎಷ್ಟು ಚದರ ಎಂಬ ಬೇರೆಯೇ ರೇಖೆ. ನಿಮಗೆ 4 ಬಂದಿರುವುದರಿಂದ ಆ ಎಡವಟ್ಟು ಆಗಿಲ್ಲ.

ಈಗ ಸ್ಲೋಪ್‌ಗೆ ಬರೋಣ. ಅದು ಹೇಳುವುದು ಇಷ್ಟೇ: ಈ ಪಟ್ಟಿಯಲ್ಲಿ ಒಂದು ಮನೆಗಿಂತ ಇನ್ನೊಂದು ಮನೆ ಒಂದು ಚದರ ದೊಡ್ಡದಿದ್ದರೆ, ಅದರ ಬೆಲೆ ಸರಾಸರಿಯಲ್ಲಿ 4 ಲಕ್ಷ ಹೆಚ್ಚಿದೆ. ಎರಡು ಬೇರೆ ಬೇರೆ ಮನೆಗಳ ನಡುವಿನ ವ್ಯತ್ಯಾಸ ಇದು. ಒಂದೇ ಮನೆಯನ್ನು ಒಂದು ಚದರ ಹಿಗ್ಗಿಸಿದರೆ ಏನಾಗುತ್ತದೆ ಎಂಬುದನ್ನು ಈ ಪಟ್ಟಿ ನೋಡಿಯೇ ಇಲ್ಲ. ಅದರಲ್ಲಿರುವ ಯಾವ ಮನೆಯೂ ಬೆಳೆದದ್ದಲ್ಲ.

ಈ ವ್ಯತ್ಯಾಸ ಯಾಕೆ ಮುಖ್ಯ ಎಂದರೆ, ದೊಡ್ಡ ಮನೆಗಳು ಸಾಮಾನ್ಯವಾಗಿ ದೊಡ್ಡ ಸೈಟಿನ ಮೇಲೆ ನಿಂತಿರುತ್ತವೆ. ಎಂಟು ಚದರದ ಮನೆ 30×40ರಲ್ಲಿದ್ದರೆ ಹದಿನೆಂಟು ಚದರದ್ದು 40×50ರಲ್ಲೋ 40×60ರಲ್ಲೋ ಇರುತ್ತದೆ. ನೀವು ಸೈಟಿನ ಅಳತೆಯನ್ನು ಪಟ್ಟಿಗೆ ಸೇರಿಸಿಲ್ಲ. ಹೀಗಾಗಿ ಹೆಚ್ಚಿನ ಜಾಗಕ್ಕೆ ಕೊಟ್ಟ ಹಣವನ್ನೂ ರಿಗ್ರೆಶನ್ ಕಟ್ಟಡದ ಲೆಕ್ಕಕ್ಕೇ ಬರೆದುಕೊಳ್ಳುತ್ತದೆ.

ಎಷ್ಟರಮಟ್ಟಿಗೆ ಬರೆದುಕೊಳ್ಳಬಹುದು ಎಂದು ತೂಗಿ ನೋಡೋಣ. ಕಟ್ಟಡಕ್ಕೆ ಮಾರುಕಟ್ಟೆ ಕೊಡುವುದು ಚದರಕ್ಕೆ 2 ಲಕ್ಷ, ಸೈಟಿಗೆ ಚದರ ಅಡಿಗೆ 2,500 ರೂಪಾಯಿ ಎಂದು ಇಟ್ಟುಕೊಳ್ಳಿ. ಮನೆ ಒಂದು ಚದರ ದೊಡ್ಡದಾದಂತೆ ಅದರಡಿಯ ಸೈಟೂ ಸರಾಸರಿ 80 ಚದರ ಅಡಿ ದೊಡ್ಡದಿದೆ ಎಂದುಕೊಳ್ಳೋಣ. 80 ಚದರ ಅಡಿಗೆ 2 ಲಕ್ಷ. ಅದಕ್ಕೆ ಕಟ್ಟಡದ 2 ಲಕ್ಷ ಸೇರಿದರೆ 4 ಲಕ್ಷ, ನಿಮ್ಮ ಸ್ಲೋಪ್. ಸ್ಲೋಪ್‌ನ ಅರ್ಧ ಕಟ್ಟಡದ್ದು, ಉಳಿದರ್ಧ ಮಣ್ಣಿನದು.

ನಿಮ್ಮ ಯೋಜನೆಯಲ್ಲಿ ಸೈಟು ಒಂದಡಿಯೂ ಹಿಗ್ಗುವುದಿಲ್ಲ, ನೀವು ಮೇಲಕ್ಕೆ ಕಟ್ಟುತ್ತೀರಿ. ಹಾಗಾಗಿ ಈ ಊಹೆಯ ಪ್ರಕಾರ ಐದು ಚದರಕ್ಕೆ ಏರುವುದು 10 ಲಕ್ಷ, 20 ಅಲ್ಲ. ಕಂಟ್ರಾಕ್ಟರು ಐದು ಚದರಕ್ಕೆ ಹನ್ನೆರಡು ಲಕ್ಷ ಹೇಳಿದ್ದರೆ, ಸ್ಲೋಪ್ ನಂಬಿದವರಿಗೆ ಎಂಟು ಲಕ್ಷ ಲಾಭ ಕಾಣುತ್ತದೆ, ವಾಸ್ತವದಲ್ಲಿ ಎರಡು ಲಕ್ಷ ಕೈಬಿಡುತ್ತದೆ. ಸ್ವಂತ ವಾಸಕ್ಕೆ ಕಟ್ಟಿಸುವವರಿಗೆ ಅದು ಪರವಾಗಿಲ್ಲ. ಮಾರುವ ಆಸೆಯಿಂದ ಕಟ್ಟಿಸುವವರು ಮಾತ್ರ ಇಲ್ಲಿ ನಿಂತು ಯೋಚಿಸಲೇಬೇಕು.

ಇದೇ ಊಹೆ ಇಂಟರ್ಸೆಪ್ಟ್‌ನ ಗುಟ್ಟನ್ನೂ ಬಿಡಿಸುತ್ತದೆ. ಸೈಟು ಮನೆಯ ಜೊತೆ ಚದರಕ್ಕೆ 80 ಅಡಿಯಂತೆ ಬೆಳೆಯುತ್ತದೆ ಎಂದೆವು. ಎಂಟು ಚದರದ ಮನೆಗೆ ಸುಮಾರು 1,240 ಚದರ ಅಡಿ, ಅಂದರೆ ಹೆಚ್ಚುಕಡಿಮೆ 30×40. ಅಲ್ಲಿಂದ ಹಿಂದಕ್ಕೆ ಇಳಿಯುತ್ತಾ ಹೋದರೆ, ಸೊನ್ನೆ ಚದರ ತಲುಪುವ ಹೊತ್ತಿಗೆ ಸೈಟು 600 ಚದರ ಅಡಿಗೆ ಕುಗ್ಗಿರುತ್ತದೆ. 600ನ್ನು 2,500ರಿಂದ ಗುಣಿಸಿದರೆ 15 ಲಕ್ಷ. ನಿಮ್ಮ ಪಟ್ಟಿಯಲ್ಲಿ 600 ಚದರ ಅಡಿಯ ಸೈಟೇ ಇಲ್ಲ. ನಿಮ್ಮ 1,200 ಚದರ ಅಡಿಯ ಸೈಟಿಗೆ ಅದೇ ದರದಲ್ಲಿ 30 ಲಕ್ಷ ಆಗಬೇಕು. 15 ಲಕ್ಷವನ್ನು ಸೈಟಿನ ಬೆಲೆ ಎಂದು ನಂಬಿ ಯಾರಿಗಾದರೂ ಮಾತು ಕೊಟ್ಟರೆ ಅರ್ಧಕ್ಕರ್ಧ ಕಳೆದುಕೊಂಡಂತೆ. ಎಲ್ಲ ಮನೆಗಳೂ ಒಂದೇ ಬಡಾವಣೆಯಲ್ಲಿ, ಒಂದೇ ಅಳತೆಯ ಸೈಟಿನಲ್ಲಿ ಇದ್ದಿದ್ದರೆ ಇಂಟರ್ಸೆಪ್ಟ್ ಸೈಟಿನ ಬೆಲೆಯ ಹತ್ತಿರ ಬರುತ್ತಿತ್ತು. ಆಗಲೂ ‘ಹತ್ತಿರ’ ಎಂದಷ್ಟೇ ಹೇಳಬಹುದು.

ಯಾಕೆಂದರೆ ಇನ್ನೊಂದು ತೊಡಕಿದೆ. ನಿಮ್ಮ ಅತಿ ಸಣ್ಣ ಮನೆಯೇ ಎಂಟು ಚದರ. ಎಂಟರಿಂದ ಸೊನ್ನೆಯವರೆಗೆ ರೇಖೆಗೆ ಯಾವ ಮನೆಯ ಆಧಾರವೂ ಇಲ್ಲ, ಅದು ಬರೀ ಎಳೆದ ಗೆರೆ. ದಡದ ಇಳಿಜಾರನ್ನಷ್ಟೇ ಅಳೆದು, ನಡುಹೊಳೆಯ ಆಳವನ್ನು ಊಹಿಸಿದ ಹಾಗೆ. ಎಷ್ಟು ಅಸ್ಥಿರ ಎಂಬುದನ್ನು ಎಕ್ಸೆಲ್‌ನಲ್ಲೇ ನೋಡಬಹುದು:

```
=LINEST(B2:B7, A2:A7, TRUE, TRUE)
```

ಇದರ ಎರಡನೇ ಸಾಲಿನಲ್ಲಿ ಸ್ಟ್ಯಾಂಡರ್ಡ್ ಎರರ್, ಅಂದರೆ ಬಂದ ಸಂಖ್ಯೆ ಎಷ್ಟು ಅಲುಗಾಡಬಹುದು ಎಂಬುದರ ಅಳತೆ, ಸಿಗುತ್ತದೆ: ಸ್ಲೋಪ್‌ಗೆ 0.33, ಇಂಟರ್ಸೆಪ್ಟ್‌ಗೆ 4.4. ಆರೇ ಮನೆಗಳಿರುವುದರಿಂದ ಇವನ್ನು 2.78ರಿಂದ ಗುಣಿಸಿ ಎರಡೂ ಕಡೆ ಬಿಡಬೇಕು. ಆಗ ಸ್ಲೋಪ್ ಸುಮಾರು 3.1ರಿಂದ 4.9 ಲಕ್ಷದ ನಡುವೆ ಎಲ್ಲಾದರೂ ಇರಬಹುದು. ಇಂಟರ್ಸೆಪ್ಟ್ ಸುಮಾರು 3 ಲಕ್ಷದಿಂದ 27 ಲಕ್ಷದವರೆಗೆ ಎಲ್ಲಿಯಾದರೂ! ಅಷ್ಟು ಅಗಲದ ಸಂಖ್ಯೆಗೆ ‘ಸೈಟಿನ ಬೆಲೆ’ ಎಂಬ ಹೆಸರು ಕೊಡಲು ನನಗೆ ಮನಸ್ಸು ಬರುವುದಿಲ್ಲ. ಇನ್ನೊಂದು ಪಟ್ಟಿಯಲ್ಲಿ ಇಂಟರ್ಸೆಪ್ಟ್ ಋಣ ಸಂಖ್ಯೆಯಾಗಿ ಬಂದರೂ ಬರಬಹುದು. ಆಗ ಸೈಟಿಗೆ ಬೆಲೆಯಿಲ್ಲ ಎಂದಲ್ಲ, ಮನೆಗಳೇ ಇಲ್ಲದ ಸೊನ್ನೆಯವರೆಗೆ ರೇಖೆಯನ್ನು ಎಳೆದಿದ್ದೇವೆ ಎಂದಷ್ಟೇ.

ಇದಕ್ಕೆ ಸರಳ ಪರಿಹಾರವಿದೆ, ನಾನು ಎಲ್ಲರಿಗೂ ಹೇಳುವುದು ಅದನ್ನೇ. ಪ್ರತಿ ಮನೆಯ ಅಳತೆಯಿಂದ 13 ಕಳೆದು ಹೊಸ ಕಾಲಂ ಮಾಡಿ, ಅದರ ಮೇಲೆ ರಿಗ್ರೆಶನ್ ಮಾಡಿ. ಸ್ಲೋಪ್ ಅದೇ 4. ಇಂಟರ್ಸೆಪ್ಟ್ ಈಗ 67. ರೇಖೆ ಕದಲಲಿಲ್ಲ, ನಾವು ಓದುವ ಜಾಗ ಮಾತ್ರ ಬದಲಾಯಿತು. ಈ 67ಕ್ಕೆ ಅರ್ಥವಿದೆ: ನಿಮ್ಮ ಪಟ್ಟಿಯ ಪ್ರಕಾರ 13 ಚದರದ ಮನೆಯ ಸರಾಸರಿ ಬೆಲೆ. ಅದರ ಅನಿಶ್ಚಿತತೆಯೂ ಸುಮಾರು 64ರಿಂದ 70 ಲಕ್ಷಕ್ಕೆ ಇಳಿಯುತ್ತದೆ. ಮನೆಗಳು ಇರುವ ಕಡೆ ನಿಂತು ಓದಿದರೆ ಸಂಖ್ಯೆಯೂ ಗಟ್ಟಿಯಾಗುತ್ತದೆ.

ದಲ್ಲಾಳಿಗಳು ಹೇಳುವ ‘ಅಡಿಗೆ ಇಷ್ಟು’ ಎಂಬ ದರದ ಬಗ್ಗೆಯೂ ಒಂದು ಮಾತು ಹೇಳಬೇಕು, ಏಕೆಂದರೆ ಅದನ್ನು ಸ್ಲೋಪ್ ಜೊತೆ ಬೆರೆಸುವುದು ಬಹಳ. 47 ಲಕ್ಷವನ್ನು 800 ಅಡಿಗೆ ಭಾಗಿಸಿದರೆ ಅಡಿಗೆ 5,875 ರೂಪಾಯಿ. 85 ಲಕ್ಷವನ್ನು 1,800ಕ್ಕೆ ಭಾಗಿಸಿದರೆ 4,722. ದೊಡ್ಡ ಮನೆ ‘ಅಗ್ಗ’ ಎಂದು ಕಾಣುತ್ತದೆ. ಆದರೆ ಸ್ಲೋಪ್ ಎಲ್ಲೆಡೆ ಅಡಿಗೆ 4,000 ರೂಪಾಯಿಯೇ. ಭಾಗಾಕಾರದಲ್ಲಿ ಆ 15 ಲಕ್ಷವನ್ನೂ ಅಡಿಗಳ ಮೇಲೆ ಹಂಚುತ್ತೇವೆ. ಅಡಿ ಕಡಿಮೆ ಇದ್ದಷ್ಟು ಪಾಲು ಹೆಚ್ಚು. ಇಂಟರ್ಸೆಪ್ಟ್ ಅರ್ಥವಿಲ್ಲದ್ದು ಎಂದು ಅದನ್ನು ಸೊನ್ನೆಗೆ ಕಟ್ಟಿಹಾಕಿದರೂ ಇದೇ ತೊಂದರೆ. ಆಗ ಸ್ಲೋಪ್ 5.08 ಲಕ್ಷಕ್ಕೆ ಏರಿ, 8 ಚದರದ ಮನೆಗೆ 6 ಲಕ್ಷಕ್ಕೂ ಹೆಚ್ಚು ಕಡಿಮೆ, 18 ಚದರದ್ದಕ್ಕೆ ಅಷ್ಟೇ ಹೆಚ್ಚು ಅಂದಾಜು ಬರುತ್ತದೆ. ಇಂಟರ್ಸೆಪ್ಟ್‌ಗೆ ಹೆಸರಿಡಬೇಡಿ, ಆದರೆ ತೆಗೆದುಹಾಕಲೂ ಬೇಡಿ. ರೇಖೆಯನ್ನು ಸರಿಯಾದ ಎತ್ತರದಲ್ಲಿ ಹಿಡಿದಿಡುವುದು ಅದೇ.

ಇನ್ನು ಈ ರೇಖೆಯನ್ನು ತೀರ್ಥಹಳ್ಳಿ ಕಡೆಯ ಮೂವತ್ತು ಚದರದ ಹೆಂಚಿನ ತೊಟ್ಟಿಮನೆಗೆ ಹಚ್ಚಬೇಡಿ. ರೇಖೆ 135 ಲಕ್ಷ ಎನ್ನುತ್ತದೆ. ಅಲ್ಲಿ ಬೆಲೆ ನಿರ್ಧಾರವಾಗುವುದು ಮನೆಯ ಜೊತೆಗಿನ ಅಡಿಕೆ ತೋಟ ಮತ್ತು ನೀರಿನಿಂದ.

ನಿಮ್ಮ ನಿಜವಾದ ಪ್ರಶ್ನೆಗೆ, ಅಂದರೆ ಮೇಲಂತಸ್ತಿಗೆ ಎಷ್ಟು ಸಿಗುತ್ತದೆ ಎಂಬುದಕ್ಕೆ, ಸೈಟಿನ ಅಳತೆಯ ಕಾಲಂ ಸೇರಿಸಿ ನೋಡಬಹುದು. ಆದರೆ ಪಟ್ಟಿಯಲ್ಲಿ ಸೈಟು ಮತ್ತು ಮನೆ ಒಟ್ಟೊಟ್ಟಿಗೇ ಬೆಳೆದಿದ್ದರೆ ಯಾವ ಲೆಕ್ಕವೂ ಅವನ್ನು ಬೇರ್ಪಡಿಸಲಾರದು. ಎರಡೂ ಸ್ಟ್ಯಾಂಡರ್ಡ್ ಎರರ್ ಒಮ್ಮೆಲೇ ಉಬ್ಬಿದರೆ ಅದೇ ಆಗಿದೆ ಎಂದು ತಿಳಿಯಿರಿ. ಅದಕ್ಕಿಂತ ಒಳ್ಳೆಯ ದಾರಿ, ನಿಮ್ಮ ಬಡಾವಣೆಯ 30×40 ಸೈಟುಗಳ ಮನೆಗಳನ್ನಷ್ಟೇ ಆರಿಸುವುದು. ಕೆಲವು ಕೆಳ ಅಂತಸ್ತಿನವು ಮಾತ್ರ ಇರಲಿ, ಕೆಲವಕ್ಕೆ ಮೇಲೂ ಕಟ್ಟಿರಲಿ, ಕಟ್ಟಿದ ವರ್ಷ ಆದಷ್ಟು ಹತ್ತಿರವಿರಲಿ. ಮಾರಾಟ ನಿಜವಾಗಿ ಎಷ್ಟಕ್ಕಾಯಿತು ಎಂದು ಕೊಂಡವರನ್ನೇ ಕೇಳಿ, ಏಕೆಂದರೆ ಎಲ್ಲ ಬೆಲೆಗಳೂ ಪತ್ರದಲ್ಲಿ ಐದನೇ ಒಂದು ಪಾಲು ಕಡಿಮೆ ಬರೆದಿದ್ದರೆ ಸ್ಲೋಪ್ ಕೂಡ 4ರ ಬದಲು 3.2 ಎಂದೇ ಬರುತ್ತದೆ. ಅಂಥ ಹತ್ತು ಹದಿನೈದು ಮನೆಗಳ ಪಟ್ಟಿಯಿಂದ ಬರುವ ಸ್ಲೋಪ್ ಅನ್ನು ಐದರಿಂದ ಗುಣಿಸಿ, ಕಂಟ್ರಾಕ್ಟರು ಕೊಟ್ಟ ಅಂದಾಜಿನ ಪಕ್ಕದಲ್ಲಿಡಿ.