ಬಿಪಿ ಇಳಿಯಿತು, ಕ್ರಿಯಾಟಿನಿನ್ ಏರಿತು

ಅರವತ್ತೈದು ದಾಟಿದ ಒಬ್ಬರನ್ನು ಊಹಿಸಿಕೊಳ್ಳಿ. ವರ್ಷಗಟ್ಟಲೆ ಬೀಡಿ ಸೇದಿದವರು. ಇಷ್ಟು ದಿನ ಹಿಡಿತದಲ್ಲಿದ್ದ ಬಿಪಿ ಈಚೆಗೆ ಮೂರು ಮಾತ್ರೆಗೂ ಬಗ್ಗುತ್ತಿಲ್ಲ. ಡಾಕ್ಟರು ಟೆಲ್ಮಿಸಾರ್ಟಾನ್ ಎಂಬ ಇನ್ನೊಂದು ಬಿಪಿ ಮಾತ್ರೆ ಸೇರಿಸುತ್ತಾರೆ. ಹತ್ತು ದಿನದಲ್ಲಿ ಮೇಲಿನ ಬಿಪಿ 180ರಿಂದ 130ಕ್ಕೆ ಇಳಿಯುತ್ತದೆ. ಆದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸವಾದ ಕ್ರಿಯಾಟಿನಿನ್ ರಕ್ತದಲ್ಲಿ 1.3ರಿಂದ 2.4ಕ್ಕೆ ಏರಿರುತ್ತದೆ. ಮಾತ್ರೆಯೇ ಕಿಡ್ನಿ ಹಾಳು ಮಾಡಿತು ಎಂದು ಮನೆಯವರಿಗೆ ಗಾಬರಿ.

ಅದು ಅಷ್ಟು ನೇರವಲ್ಲ. 1934ರಲ್ಲಿ ಅಮೆರಿಕದ ಹ್ಯಾರಿ ಗೋಲ್ಡ್‌ಬ್ಲಾಟ್ ನಾಯಿಗಳ ಕಿಡ್ನಿಗೆ ರಕ್ತ ತರುವ ನಾಳಕ್ಕೆ ಬೆಳ್ಳಿಯ ಪುಟ್ಟ ಕ್ಲಿಪ್ ಹಾಕಿ ಬಿಗಿದರು. ನಾಯಿಗಳ ಬಿಪಿ ಏರಿತು. ಕಿಡ್ನಿಗೆ ಗೊತ್ತಾಗುವುದು ತನ್ನ ಬಾಗಿಲಿಗೆ ಬಂದ ಒತ್ತಡ ಮಾತ್ರ. ಅದು ಕಡಿಮೆಯಾದರೆ ಇಡೀ ಮೈಯಲ್ಲೇ ರಕ್ತದೊತ್ತಡ ಕುಸಿದಿದೆ ಎಂದುಕೊಂಡು ರಕ್ತಕ್ಕೆ ರೆನಿನ್ ಎಂಬ ರಾಸಾಯನಿಕ ಬಿಡುತ್ತದೆ. ಅದರಿಂದ ಆಂಜಿಯೋಟೆನ್ಸಿನ್ ಎಂಬ ಹಾರ್ಮೋನು ಹುಟ್ಟುತ್ತದೆ. ಆಗ ರಕ್ತನಾಳಗಳು ಬಿಗಿಯುತ್ತವೆ, ಉಪ್ಪು ನೀರು ಮೈಯಲ್ಲೇ ಉಳಿಯುತ್ತವೆ. ವಯಸ್ಸಾದವರಲ್ಲಿ ಆ ಕ್ಲಿಪ್ಪಿನ ಕೆಲಸವನ್ನು ನಾಳದೊಳಗೆ ಕಟ್ಟಿದ ಕೊಬ್ಬು ಮಾಡುತ್ತದೆ.

ಮಾತ್ರೆಯ ಕಥೆ ಇರುವುದು ರಕ್ತ ಸೋಸುವ ಕಿಡ್ನಿಯ ಸಣ್ಣ ಸಣ್ಣ ಜರಡಿಗಳಲ್ಲಿ. ಪ್ರತಿ ಜರಡಿಗೂ ರಕ್ತ ಬರಲು ಒಂದು ಕೊಳವೆ, ಹೋಗಲು ಒಂದು. ಸೋಸಬೇಕಾದರೆ ನಡುವೆ ಒತ್ತಡ ಬೇಕು. ಬರುವ ರಕ್ತ ಕಡಿಮೆಯಾದಾಗ ಆಂಜಿಯೋಟೆನ್ಸಿನ್ ಹೊರಹೋಗುವ ಕೊಳವೆಯನ್ನು ಬಿಗಿದು ಆ ಒತ್ತಡ ಉಳಿಸುತ್ತದೆ. ನಲ್ಲಿಯಲ್ಲಿ ನೀರು ಸಣ್ಣಗೆ ಬರುವಾಗ ಪೈಪಿನ ತುದಿಗೆ ಹೆಬ್ಬೆರಳು ಒತ್ತಿ ಹಿಡಿಯುತ್ತೀವಲ್ವಾ, ಹಾಗೆ. ಟೆಲ್ಮಿಸಾರ್ಟಾನ್, ಲೋಸಾರ್ಟಾನ್, ಎನಾಲಾಪ್ರಿಲ್, ರಾಮಿಪ್ರಿಲ್ ಆ ಹೆಬ್ಬೆರಳನ್ನು ತೆಗೆಸುತ್ತವೆ. ಎರಡೂ ಕಿಡ್ನಿಯ ನಾಳ ಕಿರಿದಾಗಿದ್ದರೆ, ಅಥವಾ ಇರುವ ಒಂದೇ ಕಿಡ್ನಿಯದ್ದು ಕಿರಿದಾಗಿದ್ದರೆ, ಸೋಸುವುದು ಥಟ್ಟನೆ ಇಳಿಯುತ್ತದೆ. ಒಂದೇ ಕಡೆ ಕಿರಿದಾಗಿದ್ದರೆ ಇನ್ನೊಂದು ಕಿಡ್ನಿ ನಿಭಾಯಿಸುತ್ತದೆ. ರಿಪೋರ್ಟಿನಲ್ಲಿ ಏನೂ ಕಾಣದೇ ಹೋಗಬಹುದು.

ಹಾಗಂತ ಈ ಮಾತ್ರೆಗಳಿಗೆ ಹೆದರಬೇಡಿ. ಸಕ್ಕರೆ ಕಾಯಿಲೆಯವರ ಕಿಡ್ನಿಯನ್ನು ಇವೇ ಕಾಪಾಡುತ್ತವೆ. ಕ್ರಿಯಾಟಿನಿನ್ ಸ್ವಲ್ಪ ಏರುವುದು ಮಾಮೂಲು. ಶುರು ಮಾಡುವ ಮುಂಚೆ ಒಮ್ಮೆ, ಒಂದೆರಡು ವಾರದ ನಂತರ ಮತ್ತೊಮ್ಮೆ ಕ್ರಿಯಾಟಿನಿನ್ ಮತ್ತು ಪೊಟ್ಯಾಶಿಯಂ ನೋಡಿಸಬೇಕು. ಶೇಕಡ 30ಕ್ಕಿಂತ ಜಾಸ್ತಿ ಏರಿದರೆ ಕಾರಣ ಹುಡುಕಬೇಕು. ವಾಂತಿ ಭೇದಿಯಾಗಿ ಮೈಯಲ್ಲಿ ನೀರು ಕಡಿಮೆಯಾಗಿತ್ತಾ, ನೋವಿನ ಮಾತ್ರೆ ನುಂಗಿದ್ದರಾ ಎಂದೂ ಕೇಳಬೇಕು. ಅವೂ ಹೀಗೇ ಮಾಡುತ್ತವೆ.

ನಮ್ಮ ರೋಗಿಗೆ ಅವೆರಡೂ ಇರಲಿಲ್ಲ. ಡಾಕ್ಟರು ಆ ಮಾತ್ರೆ ನಿಲ್ಲಿಸಿ, ಕಿಡ್ನಿಯ ನಾಳಗಳಲ್ಲಿ ರಕ್ತದ ಹರಿವು ನೋಡುವ ಡಾಪ್ಲರ್ ಸ್ಕ್ಯಾನ್ ಮಾಡಿಸಿದರು. ಎರಡೂ ನಾಳ ಕಿರಿದಾಗಿದ್ದವು. ಸ್ಟೆಂಟ್ ಹಾಕಿಬಿಡೋಣವೇ ಎಂದು ಮಗ ಕೇಳಿದ. ಕೊಬ್ಬಿನಿಂದ ಕಿರಿದಾದ ಹೆಚ್ಚಿನವರಲ್ಲಿ, ಒಳ್ಳೆಯ ಔಷಧಿಯ ಜೊತೆ ಸ್ಟೆಂಟ್ ಹಾಕಿದ್ದರಿಂದ ಹೆಚ್ಚಿನ ಲಾಭವಾಗಲಿಲ್ಲ ಎಂದು 2014ರಲ್ಲಿ ಪ್ರಕಟವಾದ ಕೋರಲ್ ಅಧ್ಯಯನ ತೋರಿಸಿತ್ತು. ಶ್ವಾಸಕೋಶದಲ್ಲಿ ಪದೇ ಪದೇ ದಿಢೀರನೆ ನೀರು ತುಂಬಿಕೊಳ್ಳುವಂಥವರ ಮಾತು ಬೇರೆ. ಇವರಿಗೆ ಬೇರೆ ಬಿಪಿ ಮಾತ್ರೆ, ಕೊಲೆಸ್ಟ್ರಾಲ್ ಮಾತ್ರೆ ಕೊಟ್ಟು ಬೀಡಿ ಬಿಡಿಸಿದರು. ಎರಡು ವಾರಕ್ಕೆ ಕ್ರಿಯಾಟಿನಿನ್ 1.4ಕ್ಕೆ ಬಂತು.