ತಾರಸಿಯಿಂದ ಎಸೆದ ಚೆಂಡು: ಪ್ರೊಜೆಕ್ಟೈಲ್ ಲೆಕ್ಕದಲ್ಲಿ ಮೈನಸ್ ಎಲ್ಲಿ ಬರುತ್ತೆ

ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲಿ ನೆಲದಿಂದ ಎಸೆದು ನೆಲಕ್ಕೇ ಬೀಳುವ ಚೆಂಡಿನ ಲೆಕ್ಕ ಎಲ್ಲರಿಗೂ ಬರುತ್ತೆ. ಪಿಯುಸಿಯಲ್ಲೇ ಮಾಡಿದ್ದೇವೆ. ತೊಡಕು ಶುರುವಾಗೋದು ಎಸೆಯುವ ಜಾಗ ಒಂದು ಮಟ್ಟದಲ್ಲಿ, ಬೀಳುವ ಜಾಗ ಇನ್ನೊಂದು ಮಟ್ಟದಲ್ಲಿ ಇದ್ದಾಗ. ಈ ಟಿಪ್ಪಣಿ ಆ ಒಂದೇ ಲೆಕ್ಕದ ಬಗ್ಗೆ.

ಲೆಕ್ಕ ಹೀಗಿದೆ. ಒಬ್ಬ ತಾರಸಿಯ ಅಂಚಲ್ಲಿ ನಿಂತು ಕ್ರಿಕೆಟ್ ಚೆಂಡನ್ನು ಸೆಕೆಂಡಿಗೆ 14 ಮೀಟರ್ ವೇಗದಲ್ಲಿ, ಅಡ್ಡಗೆರೆಗಿಂತ 30° ಮೇಲಕ್ಕೆ ಎಸೆಯುತ್ತಾನೆ. ಅವನ ಕೈಯಿಂದ ಕೆಳಗಿನ ಮೈದಾನಕ್ಕೆ 12 ಮೀಟರ್. ಚೆಂಡು ಎಷ್ಟು ಹೊತ್ತಿಗೆ, ಎಷ್ಟು ದೂರದಲ್ಲಿ ಬೀಳುತ್ತೆ?

ಒಂದು ಚೆಂಡು, ಎರಡು ಲೆಕ್ಕ

ಚೆಂಡು ಕೈ ಬಿಟ್ಟ ಮೇಲೆ ಅದರ ಮೇಲೆ ಇರೋದು ಗುರುತ್ವ ಒಂದೇ (ಗಾಳಿಯನ್ನು ಸದ್ಯಕ್ಕೆ ಬಿಡೋಣ). ಗುರುತ್ವ ಕೆಳಕ್ಕೆ ಮಾತ್ರ ಎಳೆಯುತ್ತೆ, ಪಕ್ಕಕ್ಕೆ ಎಳೆಯಲ್ಲ. ಹಾಗಾಗಿ ಅಡ್ಡ ವೇಗ ಕೊನೆವರೆಗೂ ಬದಲಾಗಲ್ಲ, ಲಂಬ ವೇಗ ಮಾತ್ರ ಸೆಕೆಂಡಿಗೆ 9.8ರಷ್ಟು ಬದಲಾಗುತ್ತಾ ಹೋಗುತ್ತೆ.

```
ux = 14 cos30° = 12.12 m/s
uy = 14 sin30° = 7 m/s

x = ux t
y = uy t − ½ g t²
vy = uy − g t
```

ಎರಡೂ ಲೆಕ್ಕಗಳನ್ನು ಸೇರಿಸುವ ಕೊಂಡಿ ಸಮಯ `t` ಮಾತ್ರ. ಲಂಬ ಲೆಕ್ಕದಿಂದ ಸಮಯ ತೆಗೆದು ಅಡ್ಡ ಲೆಕ್ಕಕ್ಕೆ ಹಾಕಿದರೆ ದೂರ ಸಿಗುತ್ತೆ.

ಇಲ್ಲಿ `R = u² sin2θ / g` ಅನ್ನೋ ಸೂತ್ರ ಹಾಕಿದರೆ 17.3 ಮೀಟರ್ ಬರುತ್ತೆ. ಅದು ಚೆಂಡು ಮತ್ತೆ ಕೈಯ ಮಟ್ಟಕ್ಕೆ ಇಳಿದಾಗ ಇರುವ ದೂರ. ಅಲ್ಲಿಂದ ಕೆಳಗೆ ಇನ್ನೂ 12 ಮೀಟರ್ ಬೀಳೋದು ಬಾಕಿ ಇದೆ. ಆ ಸೂತ್ರ ಹುಟ್ಟಿದ್ದೇ `y = 0` ಅಂತ ಇಟ್ಟು, ಹಾಗಾಗಿ ಎಸೆದ ಮಟ್ಟ, ಬಿದ್ದ ಮಟ್ಟ ಒಂದೇ ಆದಾಗ ಮಾತ್ರ ಅದನ್ನು ಮುಟ್ಟಿ.

y ಅಂದರೆ ಎಷ್ಟು?

ಇಡೀ ಲೆಕ್ಕದಲ್ಲಿ ನನಗೆ ಜಾಸ್ತಿ ಹೊತ್ತು ಹಿಡಿದದ್ದು ಇದೇ, ಅದಕ್ಕೆ ನಿಧಾನವಾಗಿ ಬರೆಯುತ್ತೇನೆ.

ಚೆಂಡು ಮೊದಲು ಮೇಲೆ ಹೋಗುತ್ತೆ, ಆಮೇಲೆ ಕೆಳಗೆ ಬರುತ್ತೆ. ಎಷ್ಟು ಮೇಲೆ? `uy²/2g`, ಅಂದರೆ 49/19.6 = 2.5 ಮೀಟರ್. ಅಲ್ಲಿಂದ ನೆಲಕ್ಕೆ 14.5 ಮೀಟರ್. ಹಾಗಾದರೆ `y` ಜಾಗಕ್ಕೆ 17 ಹಾಕಬೇಕಾ, 14.5 ಹಾಕಬೇಕಾ, 12 ಹಾಕಬೇಕಾ?

`y` ಅನ್ನೋದು ಚೆಂಡು ಸುತ್ತಿದ ದಾರಿ ಅಲ್ಲ. ಈಗ ಅದು ಎಲ್ಲಿದೆ ಅನ್ನೋದು ಅಷ್ಟೇ. ಕೈ ಇರುವ ಜಾಗವನ್ನು ಸೊನ್ನೆ ಅಂತ ಗುರುತಿಸಿ, ಮೇಲಕ್ಕೆ ಪ್ಲಸ್ ಅಂದುಕೊಂಡರೆ, ನೆಲ ಇರೋದು −12ರಲ್ಲಿ. ಮಧ್ಯದಲ್ಲಿ ಚೆಂಡು ಎಲ್ಲೆಲ್ಲಿಗೆ ಹೋಗಿ ಬಂತು ಅನ್ನೋದನ್ನು `uy t` ಮತ್ತು `½ g t²` ಸೇರಿ ತಾವೇ ನೋಡಿಕೊಳ್ಳುತ್ತವೆ. ಮೇಲೆ ಹೋಗುವಾಗ ಒಂದು ಸಮೀಕರಣ, ಕೆಳಗೆ ಬರುವಾಗ ಇನ್ನೊಂದು ಅಂತ ಒಡೆಯೋದು ಬೇಡ. `g` ಮುಂದಿನ ಮೈನಸ್ ಕೂಡ ಚೆಂಡು ಮೇಲೆ ಹೋಗುವಾಗ, ತುದಿಯಲ್ಲಿ, ಕೆಳಗೆ ಬರುವಾಗ ಎಲ್ಲ ಕಡೆ ಅದೇ ಇರುತ್ತೆ. ಚೆಂಡು ತಿರುಗಿತು ಅಂತ ಗುರುತ್ವ ತಿರುಗಲ್ಲ ಅಲ್ವಾ?

```
−12 = 7t − 4.9t²
4.9t² − 7t − 12 = 0
t = (7 ± √284.2) / 9.8 = (7 ± 16.86) / 9.8
t = 2.43 s  ಅಥವಾ  −1.01 s
```

ನಮಗೆ ಬೇಕಾದ್ದು 2.43 ಸೆಕೆಂಡ್. ದೂರ 12.12 × 2.43, ಸುಮಾರು 29.5 ಮೀಟರ್.

ಮೈನಸ್ ಬಂದ ಉತ್ತರವನ್ನು ಸುಮ್ನೆ ಹೊಡೆದುಹಾಕುವ ಮುಂಚೆ ಒಮ್ಮೆ ನೋಡಿ. ಚೆಂಡು ಹೋದ ಪರವಲಯವನ್ನು ಹಿಂದಕ್ಕೂ ಎಳೆದರೆ, ಅದು ಕೈ ಇರುವ ಬಿಂದುವಿನ ಹಿಂದೆ ಕೆಳಗಿಳಿದು ನೆಲ ಮುಟ್ಟುತ್ತೆ. ಅಲ್ಲಿಂದ 1.01 ಸೆಕೆಂಡ್ ಮೊದಲೇ ಚೆಂಡನ್ನು ಹಾರಿಸಿದ್ದರೂ ಅದು ಇದೇ ವೇಗದಲ್ಲಿ ನಮ್ಮ ಕೈಯ ಪಕ್ಕ ಹಾದು ಹೋಗುತ್ತಿತ್ತು. ಚೆಂಡು ಕೈಯಿಂದ ಹೊರಟಿತು ಅನ್ನೋದು ಸಮೀಕರಣಕ್ಕೆ ಗೊತ್ತಿಲ್ಲ, ಅದಕ್ಕೇ ಎರಡು ಉತ್ತರ.

ಚಿಹ್ನೆ ತಪ್ಪಿದೆ ಅಂತ ಗೊತ್ತಾಗೋದು ಹೇಗೆ

−12ರ ಬದಲು +12 ಹಾಕಿದರೆ ವರ್ಗಮೂಲದ ಒಳಗೆ 49 − 235.2 ಬರುತ್ತೆ. ಕ್ಯಾಲ್ಕುಲೇಟರ್ ಎರರ್ ತೋರಿಸುತ್ತೆ. ಇದು ಬರೀ ಗಣಿತದ ತಕರಾರಲ್ಲ. ಕೈಗಿಂತ 12 ಮೀಟರ್ ಮೇಲೆ ಚೆಂಡು ಯಾವಾಗ ಇರುತ್ತೆ ಅಂತ ನೀವು ಕೇಳಿದ್ದೀರಿ, ಚೆಂಡು ಏರೋದೇ 2.5 ಮೀಟರ್. ಯಾವತ್ತೂ ಇರಲ್ಲ ಅಂತ ಉತ್ತರ ಬಂದಿದೆ.

ಇದಕ್ಕಿಂತ ಅಪಾಯದ ತಪ್ಪು ಇನ್ನೊಂದಿದೆ. ಮೈನಸ್ ಎಲ್ಲ ತೆಗೆದು `12 = 7t + 4.9t²` ಅಂತ ಬರೆದರೆ ಎರರ್ ಬರಲ್ಲ. 1.01 ಸೆಕೆಂಡ್ ಅಂತ ಚೆಂದದ ಉತ್ತರ ಬರುತ್ತೆ. ಆದರೆ ಅದು ಚೆಂಡನ್ನು 30° ಕೆಳಕ್ಕೆ ಎಸೆದಾಗಿನ ಸಮಯ. ಪತ್ತೆ ಮಾಡೋಕೆ ಒಂದು ಸುಲಭ ಪರೀಕ್ಷೆ: 12 ಮೀಟರ್ ಮೇಲಿಂದ ಚೆಂಡನ್ನು ಸುಮ್ನೆ ಕೈಬಿಟ್ಟರೆ `√(2h/g)`, ಅಂದರೆ 1.56 ಸೆಕೆಂಡ್ ಬೇಕು. ಮೇಲಕ್ಕೆ ಎಸೆದದ್ದು ಇದಕ್ಕಿಂತ ಜಾಸ್ತಿ ಹೊತ್ತು ಗಾಳಿಯಲ್ಲಿ ಇರಲೇಬೇಕು. ಕಡಿಮೆ ಬಂದರೆ ಚಿಹ್ನೆ ನೋಡಿ.

ವರ್ಗ ಸಮೀಕರಣ ಬೇಡ ಅನ್ನೋರಿಗೆ

ನನಗೆ ತುಂಬಾ ಇಷ್ಟವಾದ ದಾರಿ ಇದು. ಮೇಲಿನ 16.86 ಎಲ್ಲಿಂದ ಬಂತು ನೋಡಿ: √(49 + 235.2), ಅಂದರೆ `√(uy² + 2gh)`. ಇದು ಚೆಂಡು ನೆಲ ಮುಟ್ಟುವಾಗಿನ ಲಂಬ ವೇಗ! ಹಾಗಾಗಿ ಮೊದಲು ಅದನ್ನೇ ಕಂಡುಹಿಡಿಯಿರಿ. ಲಂಬ ವೇಗ ಮೇಲಕ್ಕೆ 7 ಇದ್ದದ್ದು ಕೆಳಕ್ಕೆ 16.86 ಆಯಿತು. ಒಟ್ಟು ಬದಲಾವಣೆ 23.86. ಸೆಕೆಂಡಿಗೆ 9.8ರಂತೆ ಬದಲಾಗೋಕೆ 23.86/9.8 = 2.43 ಸೆಕೆಂಡ್. ಮುಗಿಯಿತು. ನೆಲ ಮುಟ್ಟುವ ವೇಗವನ್ನೂ ಪ್ರಶ್ನೆಯಲ್ಲಿ ಕೇಳಿದ್ದರೆ ಅರ್ಧ ಕೆಲಸ ಆಗಲೇ ಆಗಿದೆ: 12.12 ಮತ್ತು 16.86ರ ವರ್ಗಗಳನ್ನು ಕೂಡಿಸಿ ವರ್ಗಮೂಲ ತೆಗೆದರೆ 20.8 m/s, ಅಡ್ಡಗೆರೆಗಿಂತ ಸುಮಾರು 54° ಕೆಳಕ್ಕೆ.

ತುದಿಯಲ್ಲಿ ವೇಗ ಸೊನ್ನೆ ಅಂತ ಮಾತ್ರ ಬರೆಯಬೇಡಿ. ಅಲ್ಲಿ ಸೊನ್ನೆ ಆಗೋದು `vy` ಮಾತ್ರ, 12.12 ಹಾಗೇ ಇರುತ್ತೆ.

45° ಅಲ್ಲಿ ಜಾಸ್ತಿ ದೂರ ಹೋಗುತ್ತಾ?

ಇದೇ ಚೆಂಡನ್ನು 45°ಯಲ್ಲಿ ಎಸೆದು ನೋಡಿ. `ux`, `uy` ಎರಡೂ 9.9. ನೆಲ ಮುಟ್ಟುವಾಗ ಲಂಬ ವೇಗ 18.25, ಸಮಯ 2.87 ಸೆಕೆಂಡ್, ದೂರ 28.4 ಮೀಟರ್. 30°ಗಿಂತ ಒಂದು ಮೀಟರ್ ಕಡಿಮೆ! ಎತ್ತರದಿಂದ ಎಸೆದಾಗ ಬೀಳುವ ಹೊತ್ತು ಹೇಗೂ ಸಿಗುತ್ತೆ, ಹಾಗಾಗಿ ಮೇಲಕ್ಕೆ ಜಾಸ್ತಿ ವೇಗ ಕೊಡೋದಕ್ಕಿಂತ ಅಡ್ಡಕ್ಕೆ ಕೊಟ್ಟರೆ ಲಾಭ. ಅತಿ ಹೆಚ್ಚು ದೂರದ ಕೋನ `tanθ = u / √(u² + 2gh)`. ನಮ್ಮ ಲೆಕ್ಕಕ್ಕೆ 34°, ದೂರ 29.7 ಮೀಟರ್. `h = 0` ಹಾಕಿದರೆ `tanθ = 1`, ಹಳೆಯ 45° ವಾಪಸ್ ಬರುತ್ತೆ.

ಇನ್ನು ಗಾಳಿ. ಈ ಲೆಕ್ಕದಲ್ಲಿ ಚೆಂಡಿನ ತೂಕ ಎಲ್ಲೂ ಬರಲಿಲ್ಲ, ಗಮನಿಸಿದ್ರಾ? ಆದರೆ ಮೈದಾನದಲ್ಲಿ ಅದು ಲೆಕ್ಕಕ್ಕೆ ಬರುತ್ತೆ. ಕ್ರಿಕೆಟ್ ಚೆಂಡು ಸುಮಾರು 160 ಗ್ರಾಂ, ಟೆನಿಸ್ ಚೆಂಡು ಸುಮಾರು 58 ಗ್ರಾಂ, ಗಾತ್ರ ಹೆಚ್ಚುಕಡಿಮೆ ಒಂದೇ. ಅಂದರೆ ಒಂದೇ ವೇಗದಲ್ಲಿ ಎರಡಕ್ಕೂ ಗಾಳಿಯ ತಡೆ ಹತ್ತಿರಹತ್ತಿರ ಅಷ್ಟೇ ಇರುತ್ತೆ, ಆದರೆ ಹಗುರದ ಚೆಂಡಿನ ವೇಗವನ್ನು ಅದು ಬೇಗ ಇಳಿಸುತ್ತೆ. ಗಾಳಿ ಬೀಸದ ದಿನ ಎರಡನ್ನೂ ಒಂದೇ ರೀತಿ ಎಸೆದರೆ ಕ್ರಿಕೆಟ್ ಚೆಂಡು 29.5 ಮೀಟರಿಗೆ ಸ್ವಲ್ಪ ಮುಂಚೆ ಬೀಳುತ್ತೆ, ಟೆನಿಸ್ ಚೆಂಡು ಅದಕ್ಕೂ ಸಾಕಷ್ಟು ಹಿಂದೆಯೇ ಬೀಳುತ್ತೆ.