ಸುರಕ್ಷತಾ ಸಮಿತಿ ಸಭೆಯ ನಡಾವಳಿ: ‘ಜವಾಬ್ದಾರರು’ ಕಾಲಂ ತುಂಬುವುದು ಹೇಗೆ

ಹಾಜರಾತಿ, ಕಾರ್ಯಸೂಚಿ, ಹಿಂದಿನ ಸಭೆಯ ಅನುಮೋದನೆ ಇವೆಲ್ಲ ಹಳೇ ಫೈಲ್ ನೋಡಿದರೆ ಬಂದುಬಿಡುತ್ತವೆ. ಒಂದನ್ನು ಮಾತ್ರ ನೆನಪಿಡಿ: ಸಮಿತಿಯಲ್ಲಿ ಕಾರ್ಮಿಕರ ಪ್ರತಿನಿಧಿಗಳೂ ಆಡಳಿತದವರೂ ಇರುತ್ತಾರೆ, ಹಾಗಾಗಿ ನಡಾವಳಿಗೆ ಎರಡೂ ಕಡೆಯವರ ಸಹಿ ಇರಲಿ. ನನ್ನ ತಲೆ ತಿಂದದ್ದು ಅವಘಡದಿಂದ ಕ್ರಮಕ್ಕೆ, ಕ್ರಮದಿಂದ ಹೆಸರಿಗೆ ಹೋಗುವ ದಾರಿ. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಉದಾಹರಣೆಗೆ ದಾವಣಗೆರೆ ಹೊರವಲಯದ ಒಂದು ಪಶು ಆಹಾರ ಕಾರ್ಖಾನೆ ಎಂದಿಟ್ಟುಕೊಳ್ಳಿ. ಘಟನೆಯೂ ಹೆಸರುಗಳೂ ಕಲ್ಪಿತ. ಜುಲೈ 14ರ ನಸುಕಿನ 2.20ಕ್ಕೆ ಮೆಕ್ಕೆಜೋಳ ಸಾಗಿಸುವ 2ನೇ ಸ್ಕ್ರೂ ಕನ್ವೇಯರ್ ಜಾಮ್ ಆಗುತ್ತದೆ. ಸಹಾಯಕ ಮುಚ್ಚಳ ಎತ್ತಿ, ಸ್ಕ್ರೂಗೆ ಸುತ್ತಿಕೊಂಡಿದ್ದ ಚೀಲದ ಹುರಿಯನ್ನೂ ದಿಂಡಿನ ಚೂರುಗಳನ್ನೂ ಕೈಯಿಂದ ಕೀಳುತ್ತಿರುವಾಗ ಕೆಳಗಿನ ಪ್ಯಾನೆಲ್‌ನಲ್ಲಿದ್ದ ಆಪರೇಟರ್ ಸ್ಟಾರ್ಟ್ ಒತ್ತುತ್ತಾನೆ. ಸಹಾಯಕನ ಎರಡು ಬೆರಳಿಗೆ ಆಳವಾದ ಗಾಯ, ಆರು ದಿನ ಕೆಲಸಕ್ಕಿಲ್ಲ.

ಇದನ್ನು ಬರೆಯುವಾಗ ಮೊದಲು ಕೈಗೆ ಬರುವ ವಾಕ್ಯ ‘ಕಾರ್ಮಿಕನ ಅಜಾಗರೂಕತೆಯಿಂದ ಅವಘಡ ಸಂಭವಿಸಿತು’ ಎಂಬುದು. ಅದನ್ನು ಬರೆದುಬಿಟ್ಟರೆ ಮುಂದೆ ಮಾಡಲು ಉಳಿಯುವ ಕ್ರಮ ಒಂದೇ, ‘ಎಚ್ಚರಿಕೆ ನೀಡಲಾಯಿತು’. ಘಟನೆಯ ಪ್ಯಾರಾದಲ್ಲಿ ಗಂಟೆ, ಜಾಗ, ಯಂತ್ರದ ಸಂಖ್ಯೆ, ಯಾರು ಎಲ್ಲಿ ನಿಂತು ಏನು ಮಾಡುತ್ತಿದ್ದರು, ಇಷ್ಟಿರಲಿ. ಆಪರೇಟರ್ ಹೇಳಿದ್ದನ್ನು ಅವನ ಮಾತಲ್ಲೇ ಬರೆಯಿರಿ: “ಗದ್ದಲದಾಗ ಸರಿ ಕೇಳಿಸ್ಲಿಲ್ರೀ, ‘ಆಯ್ತು’ ಅಂದ್ರು ಅನ್ಕಂಡೆ.” ಕಾರಣ ಹುಡುಕಲು ಈ ಒಂದು ಸಾಲು ಎಷ್ಟೋ ದಾರಿ ತೋರಿಸುತ್ತದೆ. ಇನ್ನೊಂದು: ಪೆಟ್ಟಾದವರು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೆಲಸ ಮಾಡಲಾಗದಿದ್ದರೆ ಇಲಾಖೆಗೆ ವರದಿ ಹೋಗಬೇಕು. ಆ ವರದಿ, ಹಾಜರಿ ಪುಸ್ತಕ, ನಡಾವಳಿ ಈ ಮೂರರಲ್ಲೂ ದಿನಾಂಕ, ಗಂಟೆ ಒಂದೇ ಇರಲಿ. ನಸುಕಿನ 2.20 ಎಂದರೆ 14ನೇ ತಾರೀಖು, ಆದರೆ ಹಾಜರಿಯಲ್ಲಿ ಅದು 13ರ ರಾತ್ರಿ ಪಾಳಿ. ‘13ರ ರಾತ್ರಿ ಪಾಳಿ, 14ರ ನಸುಕು 2.20’ ಎಂದು ಎರಡನ್ನೂ ಬರೆದರೆ ಗೊಂದಲವಿಲ್ಲ.

ಈಗ ಕಾರಣ. ಮೋಟಾರಿನ ಕರೆಂಟ್ ಕಡಿಯದೆ ಕೈ ಹಾಕಿದ್ದು ಯಾಕೆ? ಕರೆಂಟನ್ನು ಪೂರ್ತಿ ಕಡಿಯುವ ಐಸೊಲೇಟರ್ ಇರುವುದು ಕೆಳಗಿನ ಪ್ಯಾನೆಲ್ ರೂಮಿನಲ್ಲಿ. ಜಾಮ್ ಆದಾಗಲೆಲ್ಲ ಇಳಿದು ಹತ್ತುವವರು ಯಾರು? ಮುಚ್ಚಳ ಅಷ್ಟು ಸಲೀಸಾಗಿ ಎದ್ದದ್ದು ಯಾಕೆ? ಆರು ಬೋಲ್ಟ್‌ಗಳ ಪೈಕಿ ಎರಡೇ ಉಳಿದಿದ್ದವು, ಅವೂ ಸಡಿಲ. ಪದೇ ಪದೇ ಜಾಮ್ ಯಾಕೆ? ಕಾಳು ಸುರಿಯುವ ಕಡೆ ಜಾಲರಿ ಹರಿದಿದೆ, ಹುರಿ, ದಿಂಡು ಎಲ್ಲ ಒಳಗೆ ಹೋಗುತ್ತಿದೆ. ಒಂದು ಅವಘಡ, ಮೂರು ಕಾರಣ. ಕ್ರಮವೂ ಮೂರು ಸಾಲು ಆಗಬೇಕು. ಒಂದೇ ಸಾಲಿನಲ್ಲಿ ತುರುಕಿದರೆ ಅದರಲ್ಲಿ ಸುಲಭವಾದದ್ದು ಮುಗಿದ ಕೂಡಲೇ ಇಡೀ ಸಾಲಿಗೆ ‘ಪೂರ್ಣ’ ಬೀಳುತ್ತದೆ.

ಬೋಲ್ಟ್ ಹಾಕಿಸಿದ್ದು, ಜಾಲರಿಗೆ ತೇಪೆ ಹಾಕಿದ್ದು ಆ ಕ್ಷಣದ ರಿಪೇರಿ. ಅದನ್ನು ‘ತಕ್ಷಣ ಮಾಡಿದ್ದು’ ಎಂದು ಬೇರೆ ಬರೆಯಿರಿ. ಇದೇ ಅವಘಡ ಮರುಕಳಿಸದಂತೆ ಮಾಡುವುದು ಬೇರೆ ಕೆಲಸ: ಕನ್ವೇಯರ್ ಪಕ್ಕದಲ್ಲೇ ಬೀಗ ಹಾಕಬಹುದಾದ ಐಸೊಲೇಟರ್, ಮುಚ್ಚಳ ಎದ್ದ ಕೂಡಲೇ ಮೋಟಾರ್ ನಿಲ್ಲಿಸುವ ಲಿಮಿಟ್ ಸ್ವಿಚ್, ಹೊಸ ಜಾಲರಿ. ಲಿಮಿಟ್ ಸ್ವಿಚ್ ಇದ್ದ ಮೇಲೆ ಬೀಗ ಯಾಕೆ ಎಂದು ಸಭೆಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ. ಲಿಮಿಟ್ ಸ್ವಿಚ್ ಸಾಮಾನ್ಯವಾಗಿ ಕಂಟ್ರೋಲ್ ವೈರಿಂಗ್‌ನಲ್ಲಿ ಕೂರುತ್ತದೆ. ಮೋಟಾರಿಗೆ ಕರೆಂಟ್ ಬಿಡುವ ಕಾಂಟ್ಯಾಕ್ಟರ್ ಅಂಟಿಕೊಂಡರೆ ಅಥವಾ ಸ್ವಿಚ್ಚನ್ನು ಯಾರೋ ತಂತಿಯಿಂದ ಕಟ್ಟಿಹಾಕಿದರೆ ಮುಚ್ಚಳ ಎದ್ದಿದ್ದರೂ ಮೋಟಾರಿಗೆ ಕರೆಂಟ್ ಹೋಗಬಹುದು. ಕೈ ಹಾಕುವವನು ತನ್ನ ಬೀಗ ಹಾಕಿ ಕೀಲಿಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳಬೇಕು. ಈ ಚರ್ಚೆ ಎರಡು ಸಾಲಿನಲ್ಲಾದರೂ ನಡಾವಳಿಯಲ್ಲಿರಲಿ. ಇಲ್ಲದಿದ್ದರೆ ಮುಂದಿನ ವರ್ಷ ಖರ್ಚು ಕಡಿಮೆ ಮಾಡುವಾಗ ಮೊದಲು ಹೋಗುವುದು ಐಸೊಲೇಟರೇ.

ಇನ್ನು ಹೆಸರಿನ ಕಾಲಂ. ಅಲ್ಲಿ ‘ಎಲ್ಲ ಸೂಪರ್‌ವೈಸರ್‌ಗಳು’ ಅಥವಾ ‘ಮೆಂಟೆನೆನ್ಸ್ ವಿಭಾಗ’ ಎಂದು ಬರೆದರೆ ಮುಂದಿನ ಸಭೆಯಲ್ಲಿ ಎಲ್ಲರೂ ಪಕ್ಕದವರ ಮುಖ ನೋಡುತ್ತಾರೆ. ಒಂದು ಸಾಲಿಗೆ ಒಬ್ಬರೇ ಇರಬೇಕು, ಹುದ್ದೆಯ ಜೊತೆ ಹೆಸರೂ ಇರಬೇಕು. ಇಷ್ಟು ಬೇಗ ಅರ್ಥವಾಗುತ್ತದೆ. ಅರ್ಥವಾಗಲು ಹೊತ್ತು ಹಿಡಿಯುವುದು ಯಾರ ಹೆಸರು ಎಂಬುದು.

ಅವತ್ತು ರಾತ್ರಿ ಪಾಳಿಯ ಸೂಪರ್‌ವೈಸರ್ ರುದ್ರೇಶ್. ಘಟನೆಯ ಪ್ಯಾರಾದಲ್ಲಿ ಅವರ ಹೆಸರು ಹೇಗೂ ಬರುತ್ತದೆ, ಹಾಗಾಗಿ ಪೆನ್ನು ಕ್ರಮದ ಕಾಲಂಗೂ ಅದೇ ಹೆಸರನ್ನು ಎಳೆದುಕೊಂಡು ಹೋಗುತ್ತದೆ. ಆದರೆ ಪಾಳಿಯಲ್ಲಿದ್ದವರು ಬೇರೆ, ಕೆಲಸ ಮಾಡಿಸಬಲ್ಲವರು ಬೇರೆ. ಐಸೊಲೇಟರ್, ಲಿಮಿಟ್ ಸ್ವಿಚ್ ಕೂರಿಸುವುದು ರುದ್ರೇಶ್ ಕೈಯಲ್ಲಿಲ್ಲ. ಅದು ಎಲೆಕ್ಟ್ರಿಕಲ್ ಸೂಪರ್‌ವೈಸರ್ ನಜೀರ್ ಅವರ ಕೆಲಸ. ಜಾಲರಿ ಮೆಕ್ಯಾನಿಕಲ್ ಕಡೆಯ ಬಸವರಾಜಪ್ಪನವರದು. ರುದ್ರೇಶ್ ಪಾಲಿಗೆ ಬರುವುದು ತಮ್ಮ ಪಾಳಿಯವರಿಗೆ ಬೀಗ ಹಾಕುವ ಕ್ರಮವನ್ನು ಕನ್ವೇಯರ್ ಮುಂದೆಯೇ ಮಾಡಿಸಿ ತೋರಿಸುವುದು. ಈ ಕಾಲಂ ತಪ್ಪಿತಸ್ಥರ ಪಟ್ಟಿಯಾದರೆ ಮುಂದಿನ ಸಲ ಸಣ್ಣಪುಟ್ಟ ಘಟನೆಗಳನ್ನು ಯಾರೂ ಸಭೆಗೆ ತರುವುದಿಲ್ಲ. ಸೂಪರ್‌ವೈಸರ್ ಹೆಸರು ಬರೆದ ಮಾತ್ರಕ್ಕೆ ಕಾರ್ಖಾನೆ ನಡೆಸುವವರ ಕಾನೂನು ಹೊಣೆಯೂ ಅವರ ತಲೆಗೆ ವರ್ಗವಾಗುವುದಿಲ್ಲ.

ಇಲ್ಲೇ ಇನ್ನೊಂದು ಸಿಕ್ಕು. ನಜೀರ್ ಐಸೊಲೇಟರ್ ಕೂರಿಸಬಲ್ಲರು, ಕೊಳ್ಳಲಾರರು. ಅವರ ಹೆಸರಿಗೆ ‘ಜುಲೈ 31ರೊಳಗೆ’ ಎಂದು ಬರೆದರೆ ಆಗಸ್ಟ್‌ನಲ್ಲಿ “ಮಾಲೇ ಬಂದಿಲ್ಲ ಸಾರ್” ಎಂಬ ಉತ್ತರ ಬರುತ್ತದೆ, ಅದು ನ್ಯಾಯವೇ. ನಾನು ಈಗ ಕ್ರಿಯಾಪದ ನೋಡಿ ಸಾಲು ಒಡೆಯುತ್ತೇನೆ. ‘ಇಂಡೆಂಟ್ ಹಾಕುವುದು: ನಜೀರ್, ಜುಲೈ 24. ಮಂಜೂರು ಮಾಡುವುದು: ಫ್ಯಾಕ್ಟರಿ ಮ್ಯಾನೇಜರ್, ಜುಲೈ 27. ಕೂರಿಸಿ ಪರೀಕ್ಷಿಸುವುದು: ನಜೀರ್, ಮಾಲು ಬಂದ ಮೂರು ದಿನದೊಳಗೆ, ಆಗಸ್ಟ್ 10 ಮೀರದಂತೆ.’ ಎಲ್ಲಿ ನಿಂತಿತು ಎಂಬುದು ಆಗ ತಾನಾಗಿ ಕಾಣುತ್ತದೆ. ಹೆಸರಿನವರು ಸಭೆಯಲ್ಲಿದ್ದರೆ ‘ಒಪ್ಪಿದರು’ ಎಂದು ಸೇರಿಸಿ. ಇಲ್ಲದಿದ್ದರೆ ಸಾಲನ್ನು ತೋರಿಸಿ ಸಹಿ ತೆಗೆದುಕೊಂಡ ಮೇಲೆಯೇ ಹೆಸರು ಅಂತಿಮ.

ಆಗಸ್ಟ್ 10ರವರೆಗೆ ಕನ್ವೇಯರ್ ನಿಲ್ಲುವುದಿಲ್ಲವಲ್ಲ, ಆದ್ದರಿಂದ ‘ಅಲ್ಲಿಯವರೆಗೆ’ ಎಂಬ ಸಾಲೂ ಬೇಕು: ಜಾಮ್ ಬಿಡಿಸುವವರೇ ಕೆಳಗಿಳಿದು ಪ್ಯಾನೆಲ್ ರೂಮಿನ ಐಸೊಲೇಟರ್‌ಗೆ ತಮ್ಮ ಬೀಗ ಹಾಕಬೇಕು, ಆಯಾ ಪಾಳಿಯ ಸೂಪರ್‌ವೈಸರ್ ಅದನ್ನು ನೋಡಿ ಲಾಗ್ ಬುಕ್‌ನಲ್ಲಿ ಬರೆಯಬೇಕು. ಮೂರು ಪಾಳಿಗೆ ಮೂರು ಹೆಸರು, ಮೂರು ಸಾಲು.

ಮುಗಿಸಿದ್ದನ್ನು ಬರೆಯುವಾಗ ‘ಪೂರ್ಣ’ ಎಂಬ ಒಂದೇ ಪದ ಸಾಲದು. ಏನು ನೋಡಿ ಹಾಗೆಂದಿರಿ ಎಂಬುದು ಇರಲಿ: ‘ಕನ್ವೇಯರ್ ಓಡುವಾಗ ಲಿಮಿಟ್ ಸ್ವಿಚ್ ಬಿಡಿಸಿದಾಗ ಮೋಟಾರ್ ನಿಂತಿತು, ಸ್ವಿಚ್ ಮತ್ತೆ ಒತ್ತಿದಾಗ ತಾನಾಗಿ ಶುರುವಾಗಲಿಲ್ಲ, ಸ್ಟಾರ್ಟ್ ಒತ್ತಿದ ಮೇಲಷ್ಟೇ ಓಡಿತು.’ ಈ ಎರಡನೇ ಪರೀಕ್ಷೆಯನ್ನು ಬಿಡುವವರೇ ಜಾಸ್ತಿ. ನೋಡಿದವರು ಕೂರಿಸಿದವರೇ ಆಗಿರಬಾರದು. ಕಾರ್ಮಿಕ ಪ್ರತಿನಿಧಿಯೊಬ್ಬರಿದ್ದರೆ ಒಳ್ಳೆಯದು. ಗಡುವು ಮೀರಿದರೆ ಹಳೇ ದಿನಾಂಕ ಅಳಿಸಬೇಡಿ, ಅದರ ಪಕ್ಕ ಹೊಸ ದಿನಾಂಕ ಮತ್ತು ಕಾರಣ ಬರೆಯಿರಿ. ಮುಗಿದ ಸಾಲನ್ನೂ ಮತ್ತೊಂದು ಸಭೆಯವರೆಗೆ ಪಟ್ಟಿಯಲ್ಲಿ ಉಳಿಸಿಕೊಂಡು, ಅಷ್ಟರಲ್ಲಿ ಒಮ್ಮೆ ಹೇಳದೆ ಕೇಳದೆ ರಾತ್ರಿ ಪಾಳಿಯಲ್ಲಿ ಹೋಗಿ ಆ ಮುಚ್ಚಳ ನೋಡಿ. ಸ್ವಿಚ್ಚಿಗೆ ತಂತಿ ಸುತ್ತಿದ್ದರೆ ಜಾಮ್ ಇನ್ನೂ ಆಗುತ್ತಲೇ ಇದೆ ಎಂದರ್ಥ. ಆಗ ಮತ್ತೆ ತೆರೆಯಬೇಕಾದದ್ದು ನಜೀರ್ ಅವರ ಸಾಲಿನ ಜೊತೆಗೆ ಬಸವರಾಜಪ್ಪನವರ ಜಾಲರಿಯ ಸಾಲನ್ನೂ.